ಜಾಲರಿ ಗುಣಾಕಾರ: ಓರೆಯಾಗಿಯೇ ಏಕೆ ಕೂಡಬೇಕು?

ಅರಬ್ಬಿಯಲ್ಲಿ ‘ಶಬಕ’ ಎಂದರೆ ಬಲೆ. ಬಲೆಯಂತೆ ಮನೆಗಳನ್ನು ಎಳೆದು ಗುಣಿಸುವ ಕ್ರಮಕ್ಕೂ ಅದೇ ಹೆಸರು. ಸಮರ್ಕಂದದ ಗಣಿತಜ್ಞ ಅಲ್-ಕಾಶಿ 1427ರಲ್ಲಿ ಮುಗಿಸಿದ ‘ಮಿಫ್ತಾಹ್ ಅಲ್-ಹಿಸಾಬ್’ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಕ್ರಮವನ್ನು ಕಲಿಯಲು ಐದು ನಿಮಿಷ ಸಾಕು. ಆದರೆ ಓರೆಯಾಗಿ ಕೂಡಿದರೆ ಉತ್ತರ ಸರಿಯಾಗಿ ಬರುವುದೇಕೆ ಎಂದು ಕೇಳಿದರೆ ಹಲವರು ಸುಮ್ಮನಾಗುತ್ತಾರೆ.

347ನ್ನು 28ರಿಂದ ಗುಣಿಸೋಣ. ಮೂರು ಕಂಬಸಾಲು, ಎರಡು ಅಡ್ಡಸಾಲುಗಳ ಚೌಕಟ್ಟು ಎಳೆಯಿರಿ. ಮೇಲ್ಗಡೆ 3, 4, 7 ಬರೆಯಿರಿ. ಬಲಗಡೆ ಮೇಲಿನಿಂದ ಕೆಳಕ್ಕೆ 2, 8. ಪ್ರತಿ ಮನೆಯಲ್ಲೂ ಬಲಮೇಲಿನ ಮೂಲೆಯಿಂದ ಎಡಕೆಳಗಿನ ಮೂಲೆಗೆ ಗೆರೆ ಎಳೆದು, ಗುಣಲಬ್ಧದ ಹತ್ತರ ಅಂಕಿಯನ್ನು ಗೆರೆಯ ಮೇಲೆ, ಬಿಡಿಯನ್ನು ಕೆಳಗೆ ಬರೆಯಿರಿ. ಮೇಲಿನ ಸಾಲು 0/6, 0/8, 1/4 ಆಗುತ್ತದೆ. ಕೆಳಗಿನದು 2/4, 3/2, 5/6. ಅತಿದೊಡ್ಡ ಗುಣಲಬ್ಧ 9×9 ಕೂಡ 81 ಆದ್ದರಿಂದ, ಒಂದು ಮನೆಗೆ ಎರಡು ಅಂಕಿಗಿಂತ ಹೆಚ್ಚು ಜಾಗ ಎಂದೂ ಬೇಕಾಗುವುದಿಲ್ಲ.

ಈಗ ಬಲಕೆಳಗಿನ ಮೂಲೆಯಿಂದ ಓರೆಸಾಲುಗಳನ್ನು ಕೂಡಿ. ಮೊದಲನೆಯದರಲ್ಲಿ 6 ಮಾತ್ರ. ಎರಡನೆಯದರಲ್ಲಿ 4, 5, 2 ಸೇರಿ 11. 1 ಬರೆದು ಇನ್ನೊಂದು 1ನ್ನು ಮುಂದಿನ ಸಾಲಿಗೆ ಒಯ್ಯಿರಿ. ಮೂರನೆಯದರಲ್ಲಿ 1, 8, 3, 4 ಮತ್ತು ಒಯ್ದ 1 ಸೇರಿ 17. ನಾಲ್ಕನೆಯದರಲ್ಲಿ 0, 6, 2 ಮತ್ತು 1 ಸೇರಿ 9. ಕೊನೆಯ ಮೂಲೆಯಲ್ಲಿ 0. ಉತ್ತರ 9716.

ಎರಡನೆಯ ಓರೆಸಾಲನ್ನೇ ಬಿಡಿಸಿ ನೋಡಿ. ಅಲ್ಲಿನ 4 ಬಂದದ್ದು 7×2ರಿಂದ. ಆ 2 ನಿಜವಾಗಿ 20, ಆದ್ದರಿಂದ ಮನೆಯ ಬೆಲೆ 140, ಅದರ 4 ಎಂದರೆ ನಾಲ್ಕು ಹತ್ತು. 2 ಬಂದದ್ದು 40×8 = 320ರಿಂದ; ಅದು ಎರಡು ಹತ್ತು. 5 ಬಂದದ್ದು 7×8 = 56ರಿಂದ; ಅದು ಐದು ಹತ್ತು. ಮೂರೂ ಹತ್ತರ ಸ್ಥಾನದವೇ.

ಇದು ಆಕಸ್ಮಿಕವಲ್ಲ. ಒಂದು ಮನೆ ಎಡಕ್ಕೆ ಸರಿದರೆ ಸ್ಥಾನಬೆಲೆ ಹತ್ತು ಪಟ್ಟಾಗುತ್ತದೆ, ಒಂದು ಮನೆ ಕೆಳಗಿಳಿದರೆ ಹತ್ತನೇ ಒಂದಾಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ, ಅಂದರೆ ಓರೆಯಾಗಿ ಎಡಕೆಳಗೆ ಸರಿದರೆ, ಬೆಲೆ ಇದ್ದಂತೆಯೇ ಉಳಿಯುತ್ತದೆ. ಮನೆಯೊಳಗಿನ ಗೆರೆಯೂ ಇದೇ ಲೆಕ್ಕದ್ದು: ಮೇಲಿನ ಅರ್ಧಕ್ಕೆ ಕೆಳಗಿನದರ ಹತ್ತು ಪಟ್ಟು ಬೆಲೆ, ಹಾಗಾಗಿ ಅದು ಎಡಮನೆಯ ಕೆಳಗಿನ ಅರ್ಧದ ಸಾಲಿಗೇ ಸೇರುತ್ತದೆ.

ಸಾಮಾನ್ಯವಾಗಿ ಎಡವಟ್ಟಾಗುವುದು ಸೊನ್ನೆಯಲ್ಲಿ. 4×2 = 8 ಎಂದು ಸೊನ್ನೆ ಬಿಟ್ಟು 8ನ್ನು ಗೆರೆಯ ಮೇಲೆ ಬರೆದರೆ ಎಂಟು ನೂರು ಎಂಟು ಸಾವಿರವಾಗಿ ಉತ್ತರ 16916 ಬರುತ್ತದೆ. 350×30 = 10500 ಎಂಬ ಅಂದಾಜು ಮೊದಲೇ ಕೈಯಲ್ಲಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಚೌಕಟ್ಟು ಎಳೆಯಲು ಸಮಯ ಹಿಡಿಯುವುದೂ ನಿಜ. ಪರೀಕ್ಷೆಯಲ್ಲಿ ಎರಡಂಕಿಯ ಲೆಕ್ಕಕ್ಕೆ ಇದು ಬೇಡ.

ಬೀಜಗಣಿತ ಓದುವವರು (3x²+4x+7)(2x+8) ಅನ್ನು ಇದೇ ಚೌಕಟ್ಟಿನಲ್ಲಿ, ಮನೆಯನ್ನು ಸೀಳದೆ ಗುಣಿಸಿ ನೋಡಲಿ. ಒಂದೇ ಘಾತದ ಪದಗಳೆಲ್ಲ ಒಂದೇ ಓರೆಯಲ್ಲಿ ಸಿಗುತ್ತವೆ: 6x³+32x²+46x+56. ಇಲ್ಲಿ x = 10 ಹಾಕಿದರೆ ಮತ್ತೆ 9716.