ಏರಿಯ ಎರಡು ಬದಿ, ಒಂದೇ ಶಾಟ್

ಹಂಪಿ ಸುತ್ತ ಡ್ರೋನ್ ಎಂದರೆ ಎಲ್ಲರಿಗೂ ಕಲ್ಲಿನ ರಥವೇ ನೆನಪಾಗುತ್ತದೆ. ಸಂರಕ್ಷಿತ ಸ್ಮಾರಕಗಳ ಮೇಲೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನನಗೆ ಬೇಕಿದ್ದದ್ದು ನಮ್ಮ ಕಮಲಾಪುರದ ಕೆರೆ. ಅಲ್ಲಿಗೂ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡಿಕೊಳ್ಳಬೇಕು. 2021ರ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿವರೆಗೆ ಏರಬಹುದು. ಕೆಂಪು ವಲಯವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಅಷ್ಟೆತ್ತರ ನನ್ನ ಕಥೆಗೆ ಬೇಡ. ವಿಜಯನಗರದ ಕಾಲದ ಈ ಕೆರೆಗೆ ರಾಯ ಕಾಲುವೆಯಿಂದ ನೀರು ಬರುತ್ತದೆ, ಇಲ್ಲಿಂದ ತೂಬಿನ ಮೂಲಕ ಕೆಳಗಿನ ಗದ್ದೆ, ತೋಟಗಳಿಗೆ ಇಳಿಯುತ್ತದೆ. ತಗ್ಗಿನಲ್ಲಿ ನಿಂತವರಿಗೆ ಏರಿಯ ಗೋಡೆಯಷ್ಟೇ ಕಾಣುತ್ತದೆ. ಹಾಗಾಗಿ ತೋಟದ ಬದಿ ಬಾಳೆ ಎಲೆಯ ಮಟ್ಟದಿಂದ ಶುರುಮಾಡಿ, ಕ್ಯಾಮೆರಾವನ್ನು ಏರಿಯ ಕಡೆಗಿಟ್ಟು, ನೇರ ಮೇಲಕ್ಕೆ ನಿಧಾನ ಏರಬೇಕು. ಏರಿಯ ಹಿಂದೆ ನೀರು ಕಂಡ ಕೂಡಲೇ ನಿಲ್ಲಿಸಬೇಕು. ಇನ್ನೂ ಮೇಲೆ ಹೋದರೆ ಬಾಳೆ ಬರೀ ಹಸಿರು ಬಣ್ಣವಾಗುತ್ತದೆ. ಸುತ್ತು ಹೊಡೆಯುವ ಶಾಟ್ ಚೆಂದ, ಆದರೆ ಹೊಸದೇನನ್ನೂ ಹೇಳುವುದಿಲ್ಲ. ಏರಿ ಮೇಲೆ ರಸ್ತೆಯಿದೆ. ವಾಹನಗಳ ನೆತ್ತಿಯ ಮೇಲೆ ಹಾರಿಸಬಾರದು.

ಮುಂಗಾರಿನಲ್ಲಿ ಪಡುವಣ ಗಾಳಿ ಜೋರು. ಮುಖಕ್ಕೆ ತಾಗುವ ಗಾಳಿಯನ್ನು ನಂಬದೆ ತೆಂಗಿನ ತಲೆ ನೋಡಿ. ದೂರ ಹೋಗಬೇಕಾದರೆ ಮೊದಲು ಗಾಳಿಗೆ ಎದುರಾಗಿ ಹೋಗಿ, ಬ್ಯಾಟರಿ ಇಳಿದ ಮೇಲೆ ಗಾಳಿಯೇ ವಾಪಸ್ ತರುತ್ತದೆ. ಪೆಟ್ಟಿಗೆಯ ಮೇಲೆ 30 ನಿಮಿಷ ಎಂದಿದ್ದರೆ ನಾನು 20 ಎಂದೇ ಲೆಕ್ಕ ಹಾಕಿ, 30 ಪರ್ಸೆಂಟ್ ಇರುವಾಗಲೇ ಇಳಿಸುತ್ತೇನೆ. ಒಂದು ಏರಿಕೆಗೆ ಒಂದು ನಿಮಿಷವೂ ಬೇಡ. ಹಾಗಾಗಿ ಒಂದೇ ಬ್ಯಾಟರಿಯಲ್ಲಿ ಐದಾರು ಸಲ ತೆಗೆದು, ಬೆಳಕು ಚೆನ್ನಾಗಿರುವುದನ್ನು ಉಳಿಸಿಕೊಳ್ಳಬಹುದು.