ಚುನಾವಣೆಯ ರಾತ್ರಿ ಬಿಟ್‌ಕಾಯಿನ್ ಎಷ್ಟು ಜಿಗಿಯಬಹುದು?

2024ರ ನವೆಂಬರ್ 5ರಂದು ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ. ಯಾರು ಗೆದ್ದರೂ ಬಿಟ್‌ಕಾಯಿನ್ ಬೆಲೆ ಅಲುಗಾಡುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಅಲುಗಾಡೀತು ಎಂಬುದಕ್ಕೆ ಮಾತ್ರ ಆಪ್ಷನ್ ಮಾರುಕಟ್ಟೆ ಮೊದಲೇ ಒಂದು ಅಂದಾಜು ಕಟ್ಟಿಟ್ಟಿರುತ್ತದೆ. ಅದನ್ನು ಓದಲು ವರ್ಗ, ವರ್ಗಮೂಲ ಗೊತ್ತಿದ್ದರೆ ಸಾಕು.

ಆಪ್ಷನ್ ಎಂದರೆ ಒಂದು ಬಗೆಯ ವಿಮೆ. ಬೆಲೆ ಏರಿದರೆ ಲಾಭ ಕೊಡುವುದು ಕಾಲ್, ಇಳಿದರೆ ಲಾಭ ಕೊಡುವುದು ಪುಟ್. ಎರಡಕ್ಕೂ ಪ್ರೀಮಿಯಂ ಕಟ್ಟಬೇಕು. ಮುಂದೆ ಏರಿಳಿತ ಜೋರಾಗುತ್ತದೆ ಎನಿಸಿದಾಗ ಈ ಪ್ರೀಮಿಯಂ ದುಬಾರಿಯಾಗುತ್ತದೆ. ಕೊಟ್ಟ ಪ್ರೀಮಿಯಂನಿಂದ ಹಿಂದಕ್ಕೆ ಲೆಕ್ಕ ಹಾಕಿ, ವರ್ಷಕ್ಕೆ ಇಷ್ಟು ಶೇಕಡಾ ಏರಿಳಿತ ಎಂದು ಹೇಳುವ ಸಂಖ್ಯೆಯೇ ಇಂಪ್ಲೈಡ್ ವೊಲಟಿಲಿಟಿ, ಅಂದರೆ ಐವಿ. ಬಿಟ್‌ಕಾಯಿನ್ ಆಪ್ಷನ್‌ಗಳ ಪ್ರಮುಖ ವಿನಿಮಯ ಕೇಂದ್ರವಾದ ಡೆರಿಬಿಟ್‌ನಲ್ಲಿ ಪ್ರತಿ ಸ್ಟ್ರೈಕ್ ಬೆಲೆಯ ಎದುರಿಗೂ ಈ ಸಂಖ್ಯೆ ಕಾಣಿಸುತ್ತದೆ.

ವಾರ್ಷಿಕ ಸಂಖ್ಯೆಯನ್ನು ದಿನಕ್ಕೆ ಇಳಿಸಲು 365ರ ವರ್ಗಮೂಲದಿಂದ, ಅಂದರೆ ಸುಮಾರು 19.1ರಿಂದ ಭಾಗಿಸಬೇಕು. ಷೇರುಪೇಟೆಯವರು 16ರಿಂದ ಭಾಗಿಸುತ್ತಾರೆ, ಏಕೆಂದರೆ ಅಲ್ಲಿ ವರ್ಷಕ್ಕೆ ವಹಿವಾಟಿನ ದಿನಗಳು ಸುಮಾರು 252. ಕ್ರಿಪ್ಟೊಗೆ ಭಾನುವಾರವೂ ರಜೆಯಿಲ್ಲ. ಐವಿ ಶೇ. 50 ಇದ್ದರೆ ದಿನಕ್ಕೆ ಸುಮಾರು ಶೇ. 2.6ರ ಏರಿಳಿತ ಎಂದರ್ಥ. ಮೂರು ದಿನಗಳಲ್ಲಿ ಸುಮಾರು ಎರಡು ದಿನ ಬೆಲೆ ಈ ಅಳತೆಯೊಳಗೇ ಓಡಾಡೀತು ಎಂಬ ಅಂದಾಜು ಅದು.

ಈಗ ಚುನಾವಣೆಯ ವಾರಕ್ಕೆ ಬರೋಣ. ನವೆಂಬರ್ 4ರಂದು ಬಿಟ್‌ಕಾಯಿನ್ 69,000 ಡಾಲರ್ ಆಸುಪಾಸಿನಲ್ಲಿತ್ತು. ನವೆಂಬರ್ 8ರ ಶುಕ್ರವಾರ ಮುಗಿಯುವ ಆಪ್ಷನ್‌ನ ಐವಿ ಶೇ. 75, ಸಾಮಾನ್ಯ ದಿನಗಳದ್ದು ಶೇ. 50 ಎಂದುಕೊಳ್ಳೋಣ (ಈ ಎರಡು ಐವಿ ಸಂಖ್ಯೆಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ). ಉಳಿದ ನಾಲ್ಕು ದಿನಗಳಲ್ಲಿ ಮೂರು ಸಾಮಾನ್ಯ, ಒಂದು ಫಲಿತಾಂಶದ್ದು. ಆ ಒಂದು ದಿನದ ಪಾಲೆಷ್ಟು?

ಏರಿಳಿತಗಳನ್ನು ನೇರವಾಗಿ ಕೂಡಿ ಕಳೆಯಲು ಬರುವುದಿಲ್ಲ, ಅವುಗಳ ವರ್ಗಗಳನ್ನು ಕೂಡಿ ಕಳೆಯಬಹುದು. 75ರ ವರ್ಗ 5,625. ನಾಲ್ಕು ದಿನಕ್ಕೆ 22,500. 50ರ ವರ್ಗ 2,500. ಮೂರು ದಿನಕ್ಕೆ 7,500. ಕಳೆದರೆ ಉಳಿಯುವುದು 15,000, ಅದರ ವರ್ಗಮೂಲ ಸುಮಾರು 122. ಇದನ್ನು 19.1ರಿಂದ ಭಾಗಿಸಿದರೆ ಶೇ. 6.4. ಅಂದರೆ ಆ ಒಂದೇ ದಿನಕ್ಕೆ ಮಾರುಕಟ್ಟೆ ಸುಮಾರು 4,400 ಡಾಲರ್‌ನ ಜಿಗಿತವನ್ನು ಕಾಯ್ದಿರಿಸಿದೆ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ನಡೆದದ್ದೇನು? ನವೆಂಬರ್ 6ರಂದು ಬೆಲೆ 75,000 ದಾಟಿ ಆವರೆಗಿನ ದಾಖಲೆ ಮುರಿಯಿತು. ನಮ್ಮ ಲೆಕ್ಕದ ಅಳತೆಗಿಂತ ಅದು ಒಂದು ಹೆಜ್ಜೆ ಮುಂದೆ, ಆದರೆ ಅಸಂಭವವೇನಲ್ಲ. ಮೂರರಲ್ಲಿ ಒಂದು ಸಲ ಗಡಿ ದಾಟುತ್ತದೆ ಎಂದೇ ಆ ಅಂದಾಜು ಹೇಳುವುದು.

ದಿಕ್ಕಿನ ಬಗ್ಗೆ ಸುಳಿವು ಬೇಕಾದರೆ ಸ್ಕ್ಯೂ ನೋಡಬೇಕು. ಸದ್ಯದ ಬೆಲೆಯಿಂದ ಎರಡೂ ಕಡೆ ಒಂದಿಷ್ಟು ದೂರದ, ಲಾಭಕ್ಕೆ ಬರುವ ಸಾಧ್ಯತೆ ಸುಮಾರು ನಾಲ್ಕರಲ್ಲೊಂದು ಇರುವ ಒಂದು ಕಾಲ್ ಮತ್ತು ಒಂದು ಪುಟ್ ಆರಿಸುತ್ತಾರೆ. ಇವಕ್ಕೆ 25 ಡೆಲ್ಟಾ ಆಪ್ಷನ್ ಎಂದು ಹೆಸರು. ಪುಟ್‌ನ ಐವಿ 62, ಕಾಲ್‌ನದು 55 ಇದ್ದರೆ ಕುಸಿತದ ವಿಮೆ ಏಳು ಅಂಶ ದುಬಾರಿ. ಅಮೆರಿಕದ ಷೇರು ಸೂಚ್ಯಂಕಗಳಲ್ಲಿ 1987ರ ಅಕ್ಟೋಬರ್ ಕುಸಿತದ ನಂತರ ಪುಟ್‌ಗಳೇ ಯಾವಾಗಲೂ ಎಂಬಂತೆ ದುಬಾರಿ. ಬಿಟ್‌ಕಾಯಿನ್‌ನಲ್ಲಿ ಹಾಗಲ್ಲ: ಬೆಲೆ ಏರುವ ಉತ್ಸಾಹದ ಕಾಲದಲ್ಲಿ ಕಾಲ್‌ಗಳೇ ದುಬಾರಿಯಾಗಿ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ.

ಇಲ್ಲೊಂದು ಬಲೆಯಿದೆ. ಪುಟ್ ದುಬಾರಿಯಾದ ಮಾತ್ರಕ್ಕೆ ಬೆಲೆ ಬೀಳುತ್ತದೆ ಎಂದಲ್ಲ; ಬಿದ್ದರೆ ಆ ಕುಸಿತ ಇನ್ನೊಂದು ಕಡೆಯ ಏರಿಕೆಗಿಂತ ಜೋರಾಗಿರಬಹುದೆಂದು ಜನ ಹೆಚ್ಚು ಹಣ ತೆರುತ್ತಿದ್ದಾರೆ, ಅಷ್ಟೆ. ಇನ್ನೊಂದು ಕಾರಣವೂ ಇರಬಹುದು. ಕೈಯಲ್ಲಿ ಬಿಟ್‌ಕಾಯಿನ್ ಇಟ್ಟುಕೊಂಡವರು ಪ್ರೀಮಿಯಂ ಆದಾಯಕ್ಕಾಗಿ ಕಾಲ್‌ಗಳನ್ನು ರಾಶಿಯಾಗಿ ಮಾರಿದರೆ ಕಾಲ್‌ನ ಐವಿ ಕುಗ್ಗುತ್ತದೆ. ಭಯವೇನೂ ಹೆಚ್ಚದಿದ್ದರೂ ಆಗ ಸ್ಕ್ಯೂ ಭಯದಂತೆ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ವ್ಯತ್ಯಾಸವನ್ನಷ್ಟೇ ನೋಡದೆ ಎರಡು ಐವಿಗಳನ್ನೂ ಹಿಂದಿನ ವಾರದೊಡನೆ ಹೋಲಿಸಬೇಕು: ಪುಟ್ ಏರಿದೆಯೋ, ಕಾಲ್ ಇಳಿದಿದೆಯೋ?

ಲೆಕ್ಕ ಪೂರ್ತಿ ಕೈಕೊಡುವ ದಿನಗಳೂ ಇವೆ. ಕೋವಿಡ್ ಭೀತಿಯ 2020ರ ಮಾರ್ಚ್ 12ರಂದು ಬಿಟ್‌ಕಾಯಿನ್ ಸುಮಾರು 7,900 ಡಾಲರ್‌ನಿಂದ 5,000ದ ಕೆಳಗಿಳಿಯಿತು. ಐವಿ ಶೇ. 60 ಇದ್ದ ಮಾರುಕಟ್ಟೆಯ ದಿನದ ಅಳತೆ ಶೇ. 3ರ ಸುಮಾರು, ಇದು ಅದರ ಹನ್ನೆರಡು ಪಟ್ಟು. ಗಂಟೆಯಾಕಾರದ ವಕ್ರರೇಖೆ ಇಂಥ ದಿನವನ್ನು ಎಂದೂ ಬಾರದ ದಿನ ಎನ್ನುತ್ತದೆ. ತೀರಾ ದೂರದ ಸ್ಟ್ರೈಕ್‌ಗಳ ಪುಟ್‌ಗಳನ್ನು ಮಾರುವವರು ನಡುವಿನದಕ್ಕಿಂತ ಎತ್ತರದ ಐವಿ ಕೇಳುವುದು ಅಂಥ ದಿನಗಳನ್ನು ನೆನಪಿಟ್ಟುಕೊಂಡೇ.