ಗೆಲ್ಲುವ ಆಟದಲ್ಲೇ ದಿವಾಳಿ

ನಾಣ್ಯವೊಂದು ನಿಮ್ಮ ಪರವಾಗಿ ತುಸು ವಾಲಿದೆ ಎಂದುಕೊಳ್ಳಿ. ನೂರರಲ್ಲಿ ಸರಾಸರಿ 51 ಸಲ ಗೆಲುವು, 49 ಸಲ ಸೋಲು. ಕೈಯಲ್ಲಿರುವುದು 1,000 ರೂಪಾಯಿ, ಪ್ರತಿ ಆಟಕ್ಕೆ ಕಟ್ಟುವುದು 100. ಗೆದ್ದರೆ ನೂರು ಬರುತ್ತದೆ, ಸೋತರೆ ನೂರು ಹೋಗುತ್ತದೆ. ದುಡ್ಡು ಮುಗಿದವರು ಎದ್ದು ಹೋಗಬೇಕು, ಸಾಲ ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ಇಂಥ ಸಾವಿರ ಆಟಗಾರರನ್ನು ಕೂರಿಸಿ ಆಡಿಸಿದರೆ, ಮೊದಲ ನೂರು ಆಟ ಮುಗಿಯುವ ಹೊತ್ತಿಗೇ ಸುಮಾರು 250 ಮಂದಿ ಬರಿಗೈಯಾಗಿರುತ್ತಾರೆ. ಸಾವಿರ ಆಟದ ಹೊತ್ತಿಗೆ ಅವರ ಸಂಖ್ಯೆ 590ರ ಆಸುಪಾಸು. ಹಾಗಿದ್ದೂ ಸಾವಿರ ಜನರ ಹಣ ಕೂಡಿಸಿ ಭಾಗಿಸಿದರೆ, ತಲಾ ಸರಾಸರಿ ಆರಂಭದ 1,000ಕ್ಕಿಂತ ಹೆಚ್ಚೇ ಇರುತ್ತದೆ. ಉಳಿದ ಕೆಲವರ ಜೇಬಿನಲ್ಲಿ ಅಷ್ಟು ಸೇರಿರುತ್ತದೆ. ಸರಾಸರಿಯನ್ನಷ್ಟೇ ನೋಡಿದವರಿಗೆ ದಿವಾಳಿಯಾದ ಬಹುಮತ ಕಾಣುವುದೇ ಇಲ್ಲ.

ಹೀಗೇಕೆ? ನೂರು ಆಟದಲ್ಲಿ ನಿಮ್ಮ ಮೇಲುಗೈ ತಂದುಕೊಡುವುದು ಸರಾಸರಿ 200 ರೂಪಾಯಿ. ಅದೇ ನೂರು ಆಟದಲ್ಲಿ ಅದೃಷ್ಟದ ಏರಿಳಿತ ಸಾಮಾನ್ಯವಾಗಿ 1,000 ರೂಪಾಯಿಯಷ್ಟಿರುತ್ತದೆ, ಅಂದರೆ ನಿಮ್ಮ ಪೂರ್ತಿ ಗಂಟು. ಮೇಲುಗೈ ಫಲ ಕೊಡಲು ಸಮಯ ಬೇಕು. ಆದರೆ ಸೊನ್ನೆ ಮುಟ್ಟಿದವನಿಗೆ ಮುಂದಿನ ಆಟವೇ ಇಲ್ಲ.

ಆಟ ಎಂದೂ ನಿಲ್ಲದಿದ್ದರೆ ದಿವಾಳಿಯ ಸಂಭವ ಎಷ್ಟೆಂದು ಒಂದೇ ಸೂತ್ರ ಹೇಳುತ್ತದೆ: (49/51)^n. ಇಲ್ಲಿ n ಎಂದರೆ ಗಂಟಿನಲ್ಲಿ ಎಷ್ಟು ಪಣಗಳಿವೆ ಎಂಬುದು. 100 ರೂಪಾಯಿ ಕಟ್ಟುವವನಿಗೆ ಹತ್ತು ಪಣಗಳಿವೆ, ಅವನ ಅಪಾಯ ಶೇ 67. ಅದೇ ನಾಣ್ಯಕ್ಕೆ 20 ರೂಪಾಯಿ ಕಟ್ಟಿದರೆ ಅಪಾಯ ಶೇ 13.5ಕ್ಕೆ ಇಳಿಯುತ್ತದೆ, 10 ರೂಪಾಯಿ ಕಟ್ಟಿದರೆ ಶೇ 2ಕ್ಕಿಂತ ಕಡಿಮೆ. ಗೆಲ್ಲುವ ಸಂಭವ ಕೂದಲೆಳೆಯಷ್ಟೂ ಬದಲಾಗಿಲ್ಲ, ಬದಲಾದದ್ದು ಪಣದ ಗಾತ್ರ ಮಾತ್ರ.

ಬ್ಲ್ಯಾಕ್‌ಜಾಕ್‌ನಲ್ಲಿ ಎಲೆಗಳನ್ನು ಎಣಿಸಿ ಕ್ಯಾಸಿನೊ ಮೇಲೆ ಸಣ್ಣ ಮೇಲುಗೈ ಪಡೆಯಬಹುದೆಂದು ತೋರಿಸಿದ ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1961ರಲ್ಲಿ ನೆವಾಡಾಕ್ಕೆ ಹೋಗುವಾಗ ಹಣ ಹಾಕುವವರು ಒಂದು ಲಕ್ಷ ಡಾಲರ್ ಕೊಡಲು ಸಿದ್ಧರಿದ್ದರೂ ಆತ ಹತ್ತು ಸಾವಿರ ಸಾಕೆಂದ. ಮೇಜಿನ ಮುಂದೆ ಕೂತಾಗಲೂ ಶುರು ಮಾಡಿದ್ದು ತೀರಾ ಸಣ್ಣ ಪಣಗಳಿಂದ. ಲೆಕ್ಕ ಸರಿಯಿದ್ದೂ ಸೋಲಬಹುದು ಎಂಬುದನ್ನು ಒಪ್ಪಿಕೊಂಡವನ ನಡೆ ಅದು. ಅದನ್ನು ನಾನು ಅಂಜಿಕೆ ಎನ್ನಲಾರೆ.

ಇನ್ನೊಂದು ತೊಡಕಿದೆ. ನಾಣ್ಯ ನಿಜವಾಗಿಯೂ 51 ಎಂದು ನಿಮಗೆ ಯಾರು ಹೇಳಿದರು? ಅದು 50 ಆಗಿದ್ದರೆ, ಆಡುತ್ತಲೇ ಇರುವವನ ದಿವಾಳಿ ಖಚಿತ. 51ನ್ನು 50ರಿಂದ ತಕ್ಕಮಟ್ಟಿನ ಭರವಸೆಯಿಂದ ಬೇರ್ಪಡಿಸಲು ಹತ್ತು ಸಾವಿರ ಆಟಗಳಾದರೂ ಬೇಕು. ಅಷ್ಟರಲ್ಲಿ ನೂರು ರೂಪಾಯಿಯಂತೆ ಕಟ್ಟಿದ ಮೂವರಲ್ಲಿ ಇಬ್ಬರು ದಿವಾಳಿಯಾಗಿ ಹೊರಬಿದ್ದಿರುತ್ತಾರೆ.